ಸರ್ವರ್ ಡೌನ್ ಅಲ್ಲ, ರೂಮಿನಲ್ಲೇ ಎರಡು ಸರ್ವರ್!

"ಸರ್ವರ್ ಡೌನ್ ಇದೆ, ನಾಳೆ ಬನ್ನಿ." ನಮ್ಮ ಕಾಲದಲ್ಲಿ ಬಡವರಿಗೆ ಅತಿ ಹೆಚ್ಚು ಸಲ ಹೇಳಿರುವ ವಾಕ್ಯ ಇದೇ ಇರಬೇಕು. ಜಾತಿ ಪ್ರಮಾಣಪತ್ರ, ಪಹಣಿ, ಸ್ಕಾಲರ್‌ಶಿಪ್, ಪಿಂಚಣಿ, ಯಾವುದಕ್ಕೆ ಹೋದರೂ ಕೌಂಟರಿನ ಆಚೆಯಿಂದ ಈ ಮಾತು ಬರುತ್ತದೆ. ಮಾತು ಮುಗಿಯಿತು ಎಂದರೆ ಪ್ರಶ್ನೆಯೂ ಮುಗಿಯಿತು. ಸರ್ವರ್ ಎಲ್ಲಿದೆಯೋ, ಯಾರದೋ, ಯಾಕೆ ಬಿತ್ತೋ ಕೇಳುವಂತಿಲ್ಲ. ಮಳೆ ಬಂತು, ಬಸ್ ಬರಲಿಲ್ಲ ಅನ್ನುವ ಹಾಗೆ ಅದು ಯಾರ ತಪ್ಪೂ ಅಲ್ಲದ ಸಂಗತಿ.

ಸರ್ಕಾರದ ಪೋರ್ಟಲ್‌ಗಳು ನಿಜಕ್ಕೂ ಕೈಕೊಡುತ್ತವೆ. ಕೊನೆಯ ದಿನಾಂಕ ಹತ್ತಿರ ಬಂದಾಗ ಅವು ಕುಸಿಯುವುದನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ಯಾರೂ ಮರೆಯಬೇಕಿಲ್ಲ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಅಂಗಡಿ, ಪಿಜಿ, ಸೇವಾ ಕೇಂದ್ರಗಳಲ್ಲಿ ನೆಟ್‌ವರ್ಕ್ ರಿಪೇರಿ ಮಾಡುತ್ತಾ ಓಡಾಡುವ ನಾನು ಮತ್ತೆ ಮತ್ತೆ ನೋಡುವ ಒಂದು ದೋಷ ಇದೆ. ಅಲ್ಲಿ ಬಿದ್ದಿರುವ ಸರ್ವರ್ ಬೆಂಗಳೂರಿನಲ್ಲಿಲ್ಲ, ದೆಹಲಿಯಲ್ಲೂ ಇಲ್ಲ. ಅಸಲಿಗೆ ಯಾವ ಸರ್ವರೂ ಬಿದ್ದಿಲ್ಲ. ಅದೇ ರೂಮಿನಲ್ಲಿ ಎರಡು ಸರ್ವರ್‌ಗಳು ಎದ್ದು ನಿಂತು, ಒಂದೇ ಕೆಲಸವನ್ನು ಒಂದಕ್ಕೊಂದು ತಿಳಿಯದ ಹಾಗೆ ಮಾಡುತ್ತಿವೆ.

ಈ ದೋಷ ಕಣ್ಣಿಗೆ ಕಾಣುವುದಿಲ್ಲ. ಎಲ್ಲ ದೀಪಗಳೂ ಹಸಿರಾಗಿ ಮಿನುಗುತ್ತಿರುತ್ತವೆ. ಸ್ಪೀಡ್ ಟೆಸ್ಟ್ ಮಾಡಿದರೆ ಒಮ್ಮೊಮ್ಮೆ ಪೂರ್ತಿ ವೇಗ ತೋರಿಸುತ್ತದೆ. ಆದರೂ ಪುಟ ಅರ್ಧ ತೆರೆದು ನಿಲ್ಲುತ್ತದೆ, ಅರ್ಜಿ ತುಂಬುವಾಗ ನೆಟ್ ಕಟ್ಟಾಗುತ್ತದೆ, ಐದು ನಿಮಿಷಕ್ಕೆ ತಾನಾಗಿ ಬರುತ್ತದೆ. ಇದರ ಒಳಗುಟ್ಟು ತಿಳಿದರೆ ಪತ್ತೆ ಮಾಡುವುದು ಕಷ್ಟವಲ್ಲ.

ವಿಳಾಸ ಕೊಡುವವರು ಯಾರು?

ನಿಮ್ಮ ಫೋನ್ ವೈಫೈಗೆ ಸೇರಿದ ತಕ್ಷಣ ಅದಕ್ಕೆ ಒಂದು ನಂಬರ್ ಬೇಕು, 192.168.1.103 ಎಂಬಂಥದ್ದು. ಆ ನಂಬರ್ ಇಲ್ಲದೆ ಯಾವ ಪುಟವೂ ಅದನ್ನು ಹುಡುಕಿಕೊಂಡು ಬರಲಾರದು. ಫೋನಿಗೆ ಆ ಕ್ಷಣದಲ್ಲಿ ಯಾರನ್ನು ಕೇಳಬೇಕೆಂದೇ ಗೊತ್ತಿರುವುದಿಲ್ಲ. ಹಾಗಾಗಿ ಅದು ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತದೆ: "ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ?"

ರೂಟರ್ ಒಳಗೆ ಕೂತಿರುವ ಒಂದು ಪುಟ್ಟ ಸರ್ವರ್ ಉತ್ತರ ಕೊಡುತ್ತದೆ: "103 ಖಾಲಿ ಇದೆ, ಬೇಕಾ?" ಫೋನ್ "ಆಯ್ತು, ಅದನ್ನೇ ಕೊಡಿ" ಅನ್ನುತ್ತದೆ. ರೂಟರ್ "ನಿನ್ನದೇ" ಎಂದು ಖಚಿತಪಡಿಸಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಈ ನಾಲ್ಕು ಮಾತಿನ ವ್ಯವಹಾರಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಇವತ್ತಿಗೂ ಇದು ಮುಖ್ಯವಾಗಿ 1997ರ ಮಾರ್ಚ್‌ನಲ್ಲಿ ಬಂದ ಆರ್‌ಎಫ್‌ಸಿ 2131 ಎಂಬ ದಾಖಲೆಯ ಪ್ರಕಾರವೇ ನಡೆಯುತ್ತದೆ. ಅದನ್ನು ಬರೆದವರು ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್.

ವಿಳಾಸದ ಜೊತೆ ರೂಟರ್ ಇನ್ನೂ ಮೂರು ಸಂಗತಿ ಕೊಡುತ್ತದೆ. ಹೊರಗೆ ಹೋಗುವ ಬಾಗಿಲು ಯಾವುದು ಎಂಬುದು ಮೊದಲನೆಯದು, ಇದಕ್ಕೆ ಗೇಟ್‌ವೇ ಎಂದು ಹೆಸರು. ವೆಬ್‌ಸೈಟಿನ ಹೆಸರು ಹೇಳಿದರೆ ಅದರ ನಂಬರ್ ಹುಡುಕಿಕೊಡುವ ಡಿಎನ್‌ಎಸ್ ಯಾರು ಎಂಬುದು ಎರಡನೆಯದು. ಈ ವಿಳಾಸ ಎಷ್ಟು ಹೊತ್ತು ನಿನ್ನದು ಎಂಬುದು ಮೂರನೆಯದು. ಮನೆ ಲೀಸ್‌ಗೆ ಹಾಕಿಕೊಂಡ ಹಾಗೆ ವಿಳಾಸಕ್ಕೂ ಲೀಸ್ ಇರುತ್ತದೆ, ಅವಧಿ ಮುಗಿಯುವ ಮೊದಲೇ ನವೀಕರಿಸಿಕೊಳ್ಳಬೇಕು.

ಈ ವ್ಯವಸ್ಥೆ ಪೂರ್ತಿ ನಂಬಿಕೆಯ ಮೇಲೆ ನಿಂತಿದೆ. "ವಿಳಾಸ ಕೊಡುವವರು ಯಾರು?" ಎಂದು ಫೋನ್ ಕೂಗಿದಾಗ ಯಾರು ಬೇಕಾದರೂ "ನಾನು" ಅನ್ನಬಹುದು. ಗುರುತಿನ ಚೀಟಿ ಕೇಳುವ ಪದ್ಧತಿ ಮನೆ, ಅಂಗಡಿಗಳ ಬಳಕೆಯಲ್ಲಿ ಇಲ್ಲ. ಸಾಮಾನ್ಯವಾಗಿ ಮೊದಲು ಉತ್ತರ ಕೊಟ್ಟವನ ಮಾತೇ ನಡೆಯುತ್ತದೆ, ಅವನ ಬಳಿ ನಿಜವಾಗಿ ಇಂಟರ್ನೆಟ್ ಇದೆಯೋ ಇಲ್ಲವೋ ಯಾರೂ ನೋಡುವುದಿಲ್ಲ.

ಟೊಮೆಟೊ ಸೀಸನ್‌ನಲ್ಲಿ ಮಂಡಿ ಬಾಗಿಲಲ್ಲಿ ಗಾಡಿಗಳಿಗೆ ಟೋಕನ್ ಕೊಡುವವನು ಒಬ್ಬನೇ ಇದ್ದರೆ ಸಾಲು ಸಾಲಾಗಿ ಕೆಲಸ ಸಾಗುತ್ತದೆ. ಅದೇ ನಂಬರಿನ ಇನ್ನೊಂದು ಟೋಕನ್ ಪುಸ್ತಕ ಹಿಡಿದು ಇನ್ನೊಬ್ಬ ನಿಂತರೆ? ಇಬ್ಬರೂ ಮೋಸಗಾರರಲ್ಲ, ಇಬ್ಬರೂ ತಮ್ಮ ಪುಸ್ತಕದ ಪ್ರಕಾರ ಸರಿಯಾಗಿಯೇ ಬರೆಯುತ್ತಿದ್ದಾರೆ. ಜಗಳ ಮಾತ್ರ ಒಳಗೆ, ಗಾಡಿ ನಿಲ್ಲಿಸುವಾಗ ಶುರುವಾಗುತ್ತದೆ.

ಎರಡನೇ ರೂಟರ್ ಬರುವ ದಾರಿ

ಯಾರೂ ಬೇಕೆಂದು ಎರಡು ಡಿಎಚ್‌ಸಿಪಿ ಸರ್ವರ್ ಇಡುವುದಿಲ್ಲ. ಫೈಬರ್ ಕಂಪನಿ ಕೊಟ್ಟ ಬಾಕ್ಸ್ ಮುಂದಿನ ಕೋಣೆಯಲ್ಲಿರುತ್ತದೆ. ಗೋಡೆ ದಪ್ಪ, ಹಿಂದಿನ ಕೋಣೆಗೆ ಸಿಗ್ನಲ್ ಹೋಗುವುದಿಲ್ಲ. ಅಂಗಡಿಯಿಂದ ಒಂದು ರೂಟರ್ ತಂದು, ಬಾಕ್ಸ್‌ನಿಂದ ಒಂದು ಕೇಬಲ್ ಎಳೆದು ಚುಚ್ಚುತ್ತಾರೆ. ಮಾಲೂರಿನ ಕೈಗಾರಿಕಾ ಪ್ರದೇಶದ ಸುತ್ತಲಿನ ಪಿಜಿಗಳಲ್ಲಿ ಪ್ರತಿ ಮಹಡಿಗೂ ಒಂದು ಹೀಗೆ ಸೇರಿಕೊಳ್ಳುತ್ತದೆ. ಮುಳಬಾಗಿಲಿನ ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಬಿಲ್ಲಿಂಗ್ ಮೆಷಿನ್‌ಗೆ ಒಂದು, ಗಿರಾಕಿಗಳಿಗೆ ಒಂದು ಇರುತ್ತದೆ.

ರೂಟರ್ ಹಿಂಬದಿಯಲ್ಲಿ ಎರಡು ಬಗೆಯ ತೂತುಗಳಿವೆ. ಬೇರೆ ಬಣ್ಣದ ಒಂದರ ಮೇಲೆ WAN ಎಂದು, ಉಳಿದವುಗಳ ಮೇಲೆ LAN ಎಂದು ಬರೆದಿರುತ್ತದೆ. ಕೇಬಲ್ WANಗೆ ಹಾಕಿದರೆ ಹೊಸ ರೂಟರ್ ತನ್ನದೇ ಪ್ರತ್ಯೇಕ ಪುಟ್ಟ ಓಣಿ ಮಾಡಿಕೊಳ್ಳುತ್ತದೆ. ಅದು ಕೊಡುವ ವಿಳಾಸಗಳು ಆ ಓಣಿ ದಾಟುವುದಿಲ್ಲ. ಇಬ್ಬರು ಟೋಕನ್ ಬರೆಯುವವರು ಇದ್ದರೂ ಬೇರೆ ಬೇರೆ ಮಂಡಿಯಲ್ಲಿದ್ದಾರೆ, ಜಗಳವಿಲ್ಲ. ಆದರೆ ಒಂದು ತೊಡಕು: ಹಿಂದಿನ ಕೋಣೆಯ ಕಂಪ್ಯೂಟರ್ ಮುಂದಿನ ಕೋಣೆಯ ಪ್ರಿಂಟರನ್ನು ತಾನಾಗಿ ಕಂಡುಹಿಡಿಯಲಾರದು. ಆಗ ಯಾರೋ ಒಬ್ಬರು ಕೇಬಲನ್ನು LAN ತೂತಿಗೆ ಬದಲಿಸುತ್ತಾರೆ. ಪ್ರಿಂಟರ್ ಕಾಣುತ್ತದೆ, ನೆಟ್ ಕೂಡ ಬರುತ್ತದೆ. ಎಲ್ಲರಿಗೂ ಖುಷಿ. ಆ ಕ್ಷಣದಿಂದ ಎರಡೂ ರೂಟರ್‌ಗಳು ಒಂದೇ ಮಂಡಿಯಲ್ಲಿ ನಿಂತು ಟೋಕನ್ ಕೊಡತೊಡಗುತ್ತವೆ.

ಇದರಲ್ಲಿ ಎರಡು ಬಗೆ. ಫೈಬರ್ ಬಾಕ್ಸ್ 192.168.1 ಎಂದು ಶುರುವಾಗುವ ವಿಳಾಸ ಕೊಡುತ್ತಾ, ಹೊಸ ರೂಟರ್ 192.168.0 ಎಂದು ಶುರುವಾಗುವುದನ್ನು ಕೊಡುತ್ತಿದ್ದರೆ ಪತ್ತೆ ಸುಲಭ. ಹೊಸ ರೂಟರಿನಿಂದ ವಿಳಾಸ ಪಡೆದ ಫೋನಿಗೆ ಅದೇ ರೂಟರ್ ಹೊರಬಾಗಿಲು. ಆದರೆ ಅದರ WAN ತೂತು ಖಾಲಿ, ಬಾಗಿಲಾಚೆ ರಸ್ತೆಯೇ ಇಲ್ಲ. ಪಕ್ಕದವನ ಫೋನಿನಲ್ಲಿ ನೆಟ್ ಇದೆ, ನಿಮ್ಮದರಲ್ಲಿ "ಇಂಟರ್ನೆಟ್ ಇಲ್ಲ" ಎಂದು ಬರುತ್ತದೆ. ಎರಡೂ ಫೋನಿನ ವೈಫೈ ವಿವರ ತೆರೆದು ಗೇಟ್‌ವೇ ನಂಬರ್ ಹೋಲಿಸಿದರೆ ಸಾಕು, ಬೇರೆ ಬೇರೆ ಇದ್ದರೆ ಕಳ್ಳ ಸಿಕ್ಕಿದ ಹಾಗೆ.

ಇಲ್ಲೊಂದು ಸೂಕ್ಷ್ಮ ಇದೆ. ಮಲಗಿದ್ದ ಲ್ಯಾಪ್‌ಟಾಪ್ ಎದ್ದಾಗ ಅದು ಹೊಸದಾಗಿ ಕೇಳುವುದಿಲ್ಲ, "ನನ್ನ ಹಳೇ ವಿಳಾಸವೇ ಇರಲಿ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತದೆ. ವಿಳಾಸ ಕೊಟ್ಟ ರೂಟರ್ "ಸರಿ" ಅನ್ನುವ ಮೊದಲೇ ಇನ್ನೊಂದು "ಈ ನಂಬರ್ ನಮ್ಮ ಊರಿನದೇ ಅಲ್ಲ, ಆಗಲ್ಲ" ಅನ್ನಬಹುದು. ಹಾಗೆ ಹೇಳುವುದು ನಿಯಮದ ಪ್ರಕಾರವೇ ಇದೆ. ಲ್ಯಾಪ್‌ಟಾಪ್ ಚೆನ್ನಾಗಿದ್ದ ವಿಳಾಸವನ್ನು ಬಿಟ್ಟು ಮತ್ತೆ ಮೊದಲಿಂದ ಕೂಗುತ್ತದೆ. ಈ ಸಲ ಯಾರು ಮೊದಲು ಓಗೊಡುತ್ತಾರೋ ಅವರ ಪಾಲು. "ಊಟಕ್ಕೆ ಹೋಗಿ ಬಂದ್ಮೇಲೆ ನೆಟ್ ಬರ್ತಿಲ್ಲ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಇನ್ನೊಂದು ಬಗೆಯೇ ಕಷ್ಟದ್ದು. ಅದನ್ನು ಶ್ರೀನಿವಾಸಪುರದ ಒಂದು ಕೇಂದ್ರದ ಉದಾಹರಣೆಯಲ್ಲೇ ನೋಡೋಣ.

ಎರಡೂ ರೂಟರಿಗೆ ಒಂದೇ ಹೆಸರು

ಅದೊಂದು ಖಾಸಗಿ ಆನ್‌ಲೈನ್ ಸೇವಾ ಕೇಂದ್ರ. ಮುಂದಿನ ಕೋಣೆಯಲ್ಲಿ ಮೂರು ಕಂಪ್ಯೂಟರ್, ಒಂದು ಪ್ರಿಂಟರ್, ಫೈಬರ್ ಬಾಕ್ಸ್. ಹಿಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಮತ್ತು ಹೊಸ ರೂಟರ್. ನಡುವೆ ಒಂದು ಕೇಬಲ್, LANನಿಂದ LANಗೆ. ಸ್ಕಾಲರ್‌ಶಿಪ್ ಅರ್ಜಿಯ ಸಮಯ. ಬೆಳಿಗ್ಗೆಯಿಂದ ಕಾಲೇಜು ಹುಡುಗ ಹುಡುಗಿಯರು ಸುತ್ತಲಿನ ಹಳ್ಳಿಗಳಿಂದ ಬಂದು ಕೂತಿರುತ್ತಾರೆ. ಅರ್ಜಿಯ ಕೊನೆಯ ಪುಟದಲ್ಲಿ ಸುತ್ತು ತಿರುಗಿ ತಿರುಗಿ ಸೆಷನ್ ಮುಗಿದುಹೋಗುತ್ತದೆ. ಮತ್ತೆ ಮೊದಲಿಂದ ತುಂಬಬೇಕು.

ಕೇಂದ್ರ ನಡೆಸುವ ಅಕ್ಕ ಲೈನ್ ಕಂಪನಿಗೆ ಎರಡು ಸಲ ದೂರು ಕೊಟ್ಟಿದ್ದರು. ಬಂದ ಹುಡುಗ ಮುಂದಿನ ಕಂಪ್ಯೂಟರಿನಲ್ಲಿ ಕೂತು ರೂಟರಿಗೆ ಪಿಂಗ್ ಮಾಡಿ, ಉತ್ತರ ಬರುತ್ತಿರುವುದನ್ನು ತೋರಿಸಿ, "ನಿಮ್ಮ ರೂಟರ್ ಸರಿ ಇದೆ, ಲೈನೂ ಸರಿ ಇದೆ, ಸೈಟೇ ಸ್ಲೋ" ಎಂದು ಹೋಗಿದ್ದ. ಅಕ್ಕ ನನಗೂ ಅದನ್ನೇ ಹೇಳಿದರು: "ನೋಡಣ್ಣಾ, ಒಂದ್ಸಲ ಬತ್ತದೆ, ಒಂದ್ಸಲ ಹೋತದೆ. ಸರ್ವರ್ದೇ ಪ್ರಾಬ್ಲಮ್ಮು ಅಂತಾರೆ."

ಮೊದಲ ಪರೀಕ್ಷೆಗೆ ಯಾವ ವಿದ್ಯೆಯೂ ಬೇಡ. ಅದೇ ಪೋರ್ಟಲನ್ನು, ಅದೇ ಹೊತ್ತಿನಲ್ಲಿ, ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ತೆರೆದೆವು. ಸಲೀಸಾಗಿ ತೆರೆಯಿತು, ಲಾಗಿನ್ ಆಯಿತು. ಮೂರು ಸಲ ಮಾಡಿದೆವು, ಮೂರೂ ಸಲ ಹಾಗೇ. ಅಂದರೆ ಆ ಹೊತ್ತಿಗೆ ಸರ್ಕಾರದ ಸರ್ವರ್ ಮೇಲಿನ ಆರೋಪ ನಿಲ್ಲುವುದಿಲ್ಲ.

ಎರಡನೆಯದು, ಹಿಂದಿನ ಕೋಣೆಯ ಒಂದು ಕಂಪ್ಯೂಟರಿನಲ್ಲಿ ಎರಡು ಕಪ್ಪು ಕಿಟಕಿ ತೆರೆದು, ಒಂದರಲ್ಲಿ ರೂಟರಿಗೆ, ಇನ್ನೊಂದರಲ್ಲಿ ಹೊರಗಿನ ಒಂದು ವಿಳಾಸಕ್ಕೆ ನಿಲ್ಲದಂತೆ ಪಿಂಗ್ ಬಿಟ್ಟೆ.

```
ping -t 192.168.1.1
ping -t 8.8.8.8
```

ನೆಟ್ ಹೋದಾಗ ಎರಡನೆಯದು ನಿಂತುಹೋಯಿತು. ಮೊದಲನೆಯದು ಮಾತ್ರ ಒಂದೂ ತಪ್ಪದೆ ಉತ್ತರ ಕೊಡುತ್ತಲೇ ಇತ್ತು. ಲೈನ್ ಹುಡುಗ ನೋಡಿದ್ದೂ ಇದನ್ನೇ. ರೂಟರ್ ಸರಿಯಿದ್ದು ಹೊರಗೆ ಹೋಗುತ್ತಿಲ್ಲ ಎಂದರೆ ಯಾರಾದರೂ ಲೈನಿನ ಮೇಲೆ ಅಥವಾ ಸೈಟಿನ ಮೇಲೆ ಅನುಮಾನಪಡುತ್ತಾರೆ. ಆದರೆ ಅದೇ ಕ್ಷಣದಲ್ಲಿ ಮುಂದಿನ ಕೋಣೆಯ ಒಂದು ಕಂಪ್ಯೂಟರಿನಲ್ಲಿ ನೆಟ್ ಓಡುತ್ತಿತ್ತು. ಲೈನ್ ಹೋಗಿದ್ದರೆ ಎಲ್ಲರಿಗೂ ಹೋಗಬೇಕಿತ್ತಲ್ಲ?

ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಉತ್ತರ ಕೊಡುತ್ತಿರುವ ಆ 192.168.1.1 ಯಾರು?

ಪ್ರತಿ ಉಪಕರಣಕ್ಕೂ ತಯಾರಾಗುವಾಗಲೇ ಕೊಟ್ಟ ಒಂದು ಗುರುತು ಇರುತ್ತದೆ, ಮ್ಯಾಕ್ ವಿಳಾಸ ಎನ್ನುತ್ತಾರೆ. 192.168.1.1 ಎಂಬುದು ಮನೆ ನಂಬರ್ ಆದರೆ ಮ್ಯಾಕ್ ಎಂಬುದು ಮನೆಯೊಳಗಿರುವವರ ಮುಖ. ಯಾವ ನಂಬರಿಗೆ ಯಾವ ಮುಖ ಎಂದು ಪ್ರತಿ ಕಂಪ್ಯೂಟರೂ ಒಂದು ಡೈರಿಯಲ್ಲಿ ಬರೆದುಕೊಳ್ಳುತ್ತದೆ. ಆ ಡೈರಿ ತೋರಿಸುವ ಆದೇಶ `arp -a`. ಅದನ್ನು ಎರಡು ಕೋಣೆಯ ಎರಡು ಕಂಪ್ಯೂಟರಿನಲ್ಲೂ ಕೊಟ್ಟಾಗ ಸಿಕ್ಕ ಸಾಲುಗಳು ಈ ಬಗೆಯವು (ಗುರುತಿನ ನಂಬರ್ ಮಾತ್ರ ಬದಲಿಸಿದ್ದೇನೆ):

```
192.168.1.1   00-00-5e-00-53-1a   dynamic
192.168.1.1   00-00-5e-00-53-7c   dynamic
```

ಮನೆ ನಂಬರ್ ಒಂದೇ, ಮುಖ ಎರಡು. ಫೈಬರ್ ಬಾಕ್ಸ್ ಕಾರ್ಖಾನೆಯಿಂದ 192.168.1.1 ಎಂಬ ವಿಳಾಸ ಹೊತ್ತು ಬಂದಿತ್ತು. ಹೊಸ ರೂಟರೂ ಅದೇ ವಿಳಾಸ ಹೊತ್ತು ಬಂದಿತ್ತು. ಮನೆ ಬಳಕೆಯ ರೂಟರ್ ಮಾಡುವ ಕಂಪನಿಗಳೆಲ್ಲ ಬಳಸುವುದು ಇಂಥ ನಾಲ್ಕಾರು ನಂಬರುಗಳನ್ನೇ, ಹಾಗಾಗಿ ಇದು ಅಪರೂಪದ ಆಕಸ್ಮಿಕವೇನಲ್ಲ.

ಕಪ್ಪು ಕಿಟಕಿ ಬೇಡ ಅನ್ನುವವರಿಗೆ ಇನ್ನೂ ಸುಲಭದ ಸಾಕ್ಷಿ ಇದೆ. ಎರಡೂ ಕಂಪ್ಯೂಟರಿನ ಬ್ರೌಸರಿನಲ್ಲಿ 192.168.1.1 ಎಂದು ಟೈಪ್ ಮಾಡಿದೆವು. ಒಂದರಲ್ಲಿ ಫೈಬರ್ ಬಾಕ್ಸಿನ ಲಾಗಿನ್ ಪುಟ ಬಂತು, ಇನ್ನೊಂದರಲ್ಲಿ ಬೇರೆ ಕಂಪನಿಯ ಲಾಂಛನ. ಅಕ್ಕ ಅದನ್ನು ನೋಡಿ ನಕ್ಕರು: "ಅಯ್ಯೋ, ಒಂದೇ ಮನೆಗೆ ಇಬ್ಬರು ಯಜಮಾನರಾ?"

ಒಂದೇ ದೋಷಕ್ಕೆ ಎರಡು ರೂಪ ಯಾಕೆ?

ಈ ಬಗೆಯಲ್ಲಿ ಯಾವ ರೂಟರ್ ವಿಳಾಸ ಕೊಟ್ಟರೂ ಹೊರಬಾಗಿಲು 192.168.1.1 ಎಂದೇ ಹೇಳುತ್ತದೆ. `ipconfig /all` ಕೊಟ್ಟು DHCP Server ಸಾಲು ನೋಡಿದರೂ ಎಲ್ಲ ಕಂಪ್ಯೂಟರಿನಲ್ಲೂ ಅದೇ ನಂಬರ್. ಕಾಗದದ ಮೇಲೆ ಎಲ್ಲವೂ ಸರಿ. ಅದಕ್ಕೇ ಈ ಸಂಘರ್ಷ ತಿಂಗಳುಗಟ್ಟಲೆ ಅಡಗಿರುತ್ತದೆ.

ಡೈರಿಯಲ್ಲಿ ಬರೆದ ಮುಖ ಶಾಶ್ವತವಲ್ಲ. ಎರಡನೇ ರೂಟರ್ ಯಾವುದೋ ಕಾರಣಕ್ಕೆ "ನಾನು 192.168.1.1, ಇಂಥವರು ಎಲ್ಲಿದ್ದೀರಿ?" ಎಂದು ಒಂದು ಸಣ್ಣ ಪ್ರಶ್ನೆ ಹಾಕಿದರೂ ಸಾಕು, ಅದನ್ನು ಕೇಳಿಸಿಕೊಂಡ ಕಂಪ್ಯೂಟರುಗಳು ತಮ್ಮ ಡೈರಿಯಲ್ಲಿ ಹಳೇ ಮುಖ ಅಳಿಸಿ ಹೊಸದನ್ನು ಬರೆದುಕೊಳ್ಳಬಹುದು. 1982ರಲ್ಲಿ ಈ ಪದ್ಧತಿ ರೂಪಿಸಿದಾಗಲೇ ಹಾಗೆ ಮಾಡಲು ಹೇಳಲಾಗಿದೆ, ಉಪಕರಣ ಬದಲಾದರೆ ಬೇಗ ತಿಳಿಯಲಿ ಎಂಬ ಒಳ್ಳೆಯ ಉದ್ದೇಶದಿಂದ. ಆ ಕ್ಷಣದಿಂದ ಕಂಪ್ಯೂಟರ್ ತನ್ನೆಲ್ಲ ಮಾತನ್ನೂ ಎರಡನೇ ರೂಟರಿಗೆ ಕಳಿಸುತ್ತದೆ. ಅದಕ್ಕೆ ಹೊರದಾರಿ ಇಲ್ಲ. ಮಾತು ಅಲ್ಲೇ ಸಾಯುತ್ತದೆ. ಸ್ವಲ್ಪ ಹೊತ್ತಿಗೆ ಫೈಬರ್ ಬಾಕ್ಸ್ ಏನೋ ಕೇಳುತ್ತದೆ, ಡೈರಿ ಮತ್ತೆ ಸರಿಯಾಗುತ್ತದೆ.

ಈ ತಪ್ಪು ದಾರಿ ಎಷ್ಟು ಹೊತ್ತು ಇರುತ್ತದೆ ಎಂಬುದರ ಮೇಲೆ ನಿಮಗೆ ಕಾಣುವ ರೋಗ ಬೇರೆಯಾಗುತ್ತದೆ. ಕೆಲವೇ ಸೆಕೆಂಡ್ ಇದ್ದರೆ ಪುಟ ನಿಧಾನವಾಗುತ್ತದೆ. ಉತ್ತರ ಬಾರದಿದ್ದಾಗ ಕಂಪ್ಯೂಟರ್ ತಾನು ಕಳಿಸಿದ್ದನ್ನು ಮತ್ತೆ ಕಳಿಸುತ್ತದೆ, ಆದರೆ ಪ್ರತಿ ಸಲವೂ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡಿಕೊಳ್ಳುತ್ತದೆ: 1 ಸೆಕೆಂಡ್, 2, 4, 8. ದಾರಿ ಸರಿಯಾದ ಮೇಲೂ ಅದು ಮುಂದಿನ ಸರದಿ ಬರುವ ತನಕ ಸುಮ್ಮನೆ ಕಾಯುತ್ತಿರಬಹುದು. ಐದು ಸೆಕೆಂಡಿನ ದೋಷ ನಿಮಗೆ ಅದಕ್ಕಿಂತ ಉದ್ದದ ನಿಲುಗಡೆಯಾಗಿ ಕಾಣುತ್ತದೆ. ತಪ್ಪು ದಾರಿ ನಿಮಿಷಗಟ್ಟಲೆ ಉಳಿದರೆ ಅದೇ ದೋಷ "ನೆಟ್ ಕಟ್" ಎನಿಸಿಕೊಳ್ಳುತ್ತದೆ, ಪೋರ್ಟಲಿನ ಸೆಷನ್ ಮುಗಿಯುತ್ತದೆ, ಅರ್ಜಿ ಹೋಗುತ್ತದೆ.

ಇದರ ಜೊತೆ ಟೋಕನ್ ಪುಸ್ತಕದ ಜಗಳವೂ ಸೇರುತ್ತದೆ. ಮುಂದಿನ ಕೋಣೆಯ ಕಂಪ್ಯೂಟರ್ ಫೈಬರ್ ಬಾಕ್ಸಿನಿಂದ 103 ಪಡೆದು ರಾತ್ರಿ ಆರಿರುತ್ತದೆ. ಬೆಳಿಗ್ಗೆ ಬೇಗ ಬಂದ ಹುಡುಗಿಯೊಬ್ಬಳ ಫೋನಿಗೆ ಎರಡನೇ ರೂಟರ್ ಮೊದಲು ಉತ್ತರ ಕೊಡುತ್ತದೆ. ಅದರ ಪುಸ್ತಕದಲ್ಲಿ 103 ಖಾಲಿ, ಕೂಗಿ ನೋಡಿದರೂ ಆ ನಂಬರಿನಿಂದ ಉತ್ತರವಿಲ್ಲ, ಏಕೆಂದರೆ ಕಂಪ್ಯೂಟರ್ ಆರಿದೆ. ಕೊಟ್ಟುಬಿಡುತ್ತದೆ. ಹತ್ತು ಗಂಟೆಗೆ ಕಂಪ್ಯೂಟರ್ ಎದ್ದು ತನ್ನ 103 ಕೇಳಿದಾಗ ಅದರಲ್ಲಿ ಬೇರೊಬ್ಬರು ಕೂತಿದ್ದಾರೆ. ವಿಂಡೋಸ್ ಒಮ್ಮೊಮ್ಮೆ ವಿಳಾಸ ಸಂಘರ್ಷದ ಒಂದು ಸಂದೇಶ ತೋರಿಸುತ್ತದೆ. ಆತುರದಲ್ಲಿ ಯಾರೋ ಅದನ್ನು ಒತ್ತಿ ಮುಚ್ಚಿರುತ್ತಾರೆ.

ಇನ್ನು ಕರೆಂಟಿನ ಮಾತು. "ಕರೆಂಟ್ ಹೋಗಿ ಬಂದಾಗ್ಲೆಲ್ಲ ಜಾಸ್ತಿ ಆಗುತ್ತೆ" ಎಂದು ಅಕ್ಕ ಹೇಳಿದ್ದು ಸರಿಯಾಗಿತ್ತು. ಫೈಬರ್ ಬಾಕ್ಸ್ ಎದ್ದ ಮೇಲೆ ಕಂಪನಿಯ ಉಪಕರಣದ ಜೊತೆ ಮಾತಾಡಿ ಒಪ್ಪಿಗೆ ಪಡೆಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಅಗ್ಗದ ಪುಟ್ಟ ರೂಟರಿಗೆ ಆ ತಾಪತ್ರಯವಿಲ್ಲ, ಎದ್ದ ತಕ್ಷಣ ವಿಳಾಸ ಹಂಚಲು ಕೂರುತ್ತದೆ. ಕರೆಂಟ್ ಬಂದ ಕೂಡಲೇ ಎಲ್ಲ ಉಪಕರಣಗಳೂ ಒಟ್ಟಿಗೆ ಕೂಗುತ್ತವೆ, ಓಗೊಡಲು ಆಗ ಇರುವುದು ಅದೊಂದೇ.

ಸರಿಪಡಿಸಿದ್ದು ಹೇಗೆ

ಹೊಸದೇನೂ ಕೊಳ್ಳಬೇಕಾಗಲಿಲ್ಲ. ಮೊದಲು ನಡುವಿನ ಕೇಬಲ್ ಕಿತ್ತು, ಮುಂದಿನ ಕೋಣೆಯನ್ನು ಅರ್ಧ ಗಂಟೆ ಹಾಗೇ ಬಿಟ್ಟೆವು. ಒಂದು ಸಲವೂ ನೆಟ್ ನಿಲ್ಲಲಿಲ್ಲ. ರೋಗ ಎಲ್ಲಿದೆ ಎಂಬುದಕ್ಕೆ ಇದೇ ಕೊನೆಯ ಸಾಕ್ಷಿ.

ಆಮೇಲೆ ಎರಡನೇ ರೂಟರಿಗೆ ಒಂದೇ ಒಂದು ಲ್ಯಾಪ್‌ಟಾಪ್ ಕೇಬಲ್‌ನಲ್ಲಿ ಜೋಡಿಸಿ ಅದರ ಪುಟ ತೆರೆದೆ. ಅದರ ಸ್ವಂತ ವಿಳಾಸವನ್ನು 192.168.1.2 ಎಂದು ಬದಲಿಸಿದೆ. ಫೈಬರ್ ಬಾಕ್ಸ್ ಹಂಚುವುದು 100ರಿಂದ ಮೇಲಿನ ನಂಬರುಗಳನ್ನು, ಹಾಗಾಗಿ 2 ಯಾರಿಗೂ ಹೋಗುವುದಿಲ್ಲ. ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, DHCP Server ಎಂಬಲ್ಲಿ Disable ಆರಿಸಿ ಉಳಿಸಿದೆ. ಈ ಅನುಕ್ರಮ ಮುಖ್ಯ. ಡಿಎಚ್‌ಸಿಪಿ ಮೊದಲೇ ಆರಿಸಿದರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರಿಲ್ಲದೆ ರೂಟರಿನ ಪುಟ ಸಿಗದೆ ಒದ್ದಾಡಬೇಕಾಗುತ್ತದೆ. ಆಗ ಲ್ಯಾಪ್‌ಟಾಪಿಗೆ ಕೈಯಾರೆ 192.168.1.50 ಎಂಬಂಥ ನಂಬರ್ ಹಾಕಿಕೊಂಡು ಒಳಗೆ ಹೋಗಬೇಕು. ಈಚಿನ ಎಷ್ಟೋ ರೂಟರುಗಳಲ್ಲಿ Access Point ಎಂಬ ಮೋಡ್ ಇದೆ, ಅದನ್ನು ಒತ್ತಿದರೆ ಡಿಎಚ್‌ಸಿಪಿ ತಾನಾಗಿ ಆರುತ್ತದೆ.

ಕೇಬಲ್ ಮತ್ತೆ LANನಿಂದ LANಗೆ ಚುಚ್ಚಿದೆವು. ಇನ್ನು ಎರಡನೇ ರೂಟರ್ ಬರೀ ಸಿಗ್ನಲ್ ಹಂಚುತ್ತದೆ, ವಿಳಾಸ ಹಂಚುವುದಿಲ್ಲ. ಪ್ರಿಂಟರೂ ಕಾಣುತ್ತದೆ. ಆದರೆ ಹಳೇ ಲೀಸ್ ಹಿಡಿದ ಯಂತ್ರಗಳು ಅದನ್ನೇ ಇಟ್ಟುಕೊಂಡಿರುತ್ತವೆ, ಆದ್ದರಿಂದ ಪ್ರತಿ ಕಂಪ್ಯೂಟರಿನಲ್ಲೂ ಈ ಎರಡು ಸಾಲು ಕೊಟ್ಟೆವು. ಫೋನುಗಳಲ್ಲಿ ವೈಫೈ ಆರಿಸಿ ಹಚ್ಚಿದರೆ ಸಾಕು.

```
ipconfig /release
ipconfig /renew
```

ಕೊನೆಗೆ ಐದೂ ಕಂಪ್ಯೂಟರಿನಲ್ಲಿ `arp -a` ನೋಡಿದೆವು. ಐದರಲ್ಲೂ 192.168.1.1ಕ್ಕೆ ಒಂದೇ ಮುಖ.

ಎರಡನೇ ರೂಟರಿನ ಮೇಲೆ ಒಂದು ಚೀಟಿ ಅಂಟಿಸಿ ಬಂದೆ: "ರಿಸೆಟ್ ಒತ್ತಬೇಡಿ, ವಿಳಾಸ 192.168.1.2, ಡಿಎಚ್‌ಸಿಪಿ ಆಫ್." ಕರೆಂಟ್ ಹೋದರೆ ಈ ಬದಲಾವಣೆ ಅಳಿಯುವುದಿಲ್ಲ. ಆದರೆ ನೆಟ್ ಹೋದಾಗ ಹಿಂಬದಿಯ ಸಣ್ಣ ತೂತಿಗೆ ಪಿನ್ ಚುಚ್ಚುವ ಅಭ್ಯಾಸ ನಮ್ಮಲ್ಲಿ ಬಹಳ. ಚುಚ್ಚಿದರೆ ರೂಟರ್ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿ, ಟೋಕನ್ ಪುಸ್ತಕ ಹಿಡಿದು ಮತ್ತೆ ಕೂರುತ್ತದೆ. ಮಹಡಿಗೊಂದು ರೂಟರ್ ಇರುವ ಪಿಜಿ, ಕಾಲೇಜುಗಳಲ್ಲಿ ಚೀಟಿ ಸಾಲದು. ಅಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಸೌಲಭ್ಯವಿರುವ ಸ್ವಿಚ್ ಬೇಕು. ಯಾವ ತೂತಿನಿಂದ ಬಂದ ವಿಳಾಸವನ್ನು ಮಾತ್ರ ನಂಬಬೇಕು ಎಂದು ಅದಕ್ಕೆ ಹೇಳಿಟ್ಟರೆ, ಉಳಿದ ಕಡೆಯಿಂದ ಬರುವ "ನಾನು ಕೊಡ್ತೀನಿ" ಎಂಬ ಉತ್ತರಗಳನ್ನು ಅದು ತಡೆದುಬಿಡುತ್ತದೆ.

ಕೌಂಟರಿನಲ್ಲಿ ಏನು ಕೇಳಬೇಕು?

ಎಲ್ಲ "ಸರ್ವರ್ ಡೌನ್" ಹಿಂದೆಯೂ ಎರಡು ರೂಟರ್ ಇರುವುದಿಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರ ಸಿಮ್ ಕಾರ್ಡಿನ ಮೇಲೆ ಓಡುತ್ತಿದ್ದರೆ ಈ ದೋಷಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂಗಡಿಯಲ್ಲಿರುವುದು ಒಂದೇ ರೂಟರ್ ಆದರೂ ಸಂಬಂಧವಿಲ್ಲ. ಮೊಬೈಲ್ ಡೇಟಾದಲ್ಲೂ ಪೋರ್ಟಲ್ ತೆರೆಯದಿದ್ದರೆ, ಬೇರೆ ಊರಿನ ಗೆಳೆಯರಿಗೂ ತೆರೆಯದಿದ್ದರೆ, ಅಪರಾಧಿ ಪೋರ್ಟಲ್ಲೇ. ಆಗ ಕೊನೆಯ ದಿನಾಂಕ ಮುಂದೂಡಿ ಎಂದು ಗಟ್ಟಿಯಾಗಿ ಕೇಳಬೇಕಾದದ್ದು ಇಲಾಖೆಯನ್ನು, ಕೌಂಟರಿನಲ್ಲಿ ಕೂತವರನ್ನಲ್ಲ. ಪರದೆಯ ಮೇಲಿನ ತಪ್ಪು ಸಂದೇಶದ ಫೋಟೊ, ದಿನಾಂಕ ಮತ್ತು ಹೊತ್ತು ಸಮೇತ ಇಟ್ಟುಕೊಂಡರೆ ಆ ದೂರಿಗೆ ಬಲ ಬರುತ್ತದೆ.

ಆದರೆ ಮೊಬೈಲ್ ಡೇಟಾದಲ್ಲಿ ಓಡುವ ಪುಟ ಕೇಂದ್ರದ ವೈಫೈಯಲ್ಲಿ ಓಡುವುದಿಲ್ಲ ಎಂದಾದರೆ ದೋಷ ಆ ಕಟ್ಟಡದಲ್ಲೋ ಅದರ ಲೈನಿನಲ್ಲೋ ಇದೆ. ಪಕ್ಕದ ಕಂಪ್ಯೂಟರಿನಲ್ಲಿ ಆಗಲೂ ನೆಟ್ ಇದ್ದರೆ ಲೈನಿನದೂ ಅಲ್ಲ, ರೂಮಿನದೇ. ದುಡಿಮೆ ಬಿಟ್ಟು, ಬಸ್ ಚಾರ್ಜ್ ಹಾಕಿಕೊಂಡು ಬಂದವರನ್ನು "ನಾಳೆ ಬನ್ನಿ" ಎಂದು ಕಳಿಸುವ ಮೊದಲು ಈ ಎರಡು ಸಂಗತಿ ನೋಡುವುದಕ್ಕೆ ಐದು ನಿಮಿಷ ಸಾಕು.

ಶ್ರೀನಿವಾಸಪುರದ ಆ ಅಕ್ಕ ಈಗ ನೆಟ್ ನಿಂತರೆ ಸರ್ವರ್ ಡೌನ್ ಅನ್ನುವುದಿಲ್ಲ. ಕ್ಯೂನಲ್ಲಿ ನಿಂತವರಲ್ಲಿ ಒಬ್ಬರಿಗೆ "ಮಗಾ, ನಿನ್ನ ಫೋನ್ ಡೇಟಾದಲ್ಲಿ ಸೈಟ್ ಓಪನ್ ಆಗ್ತದಾ ನೋಡು" ಅನ್ನುತ್ತಾರೆ. ಆಗದಿದ್ದರೆ ಎಲ್ಲರಿಗೂ ಅದನ್ನು ತೋರಿಸುತ್ತಾರೆ. ಆದರೆ, ಹಿಂದಿನ ಕೋಣೆಗೆ ಹೋಗಿ ರೂಟರಿನ ಮೇಲಿನ ಚೀಟಿ ಇನ್ನೂ ಇದೆಯಾ ಎಂದು ನೋಡುತ್ತಾರೆ.